ಟ್ಯಾಂಕ್ ತುಂಬಿದಾಗಲೆಲ್ಲ ಕ್ಯಾಮೆರಾ ಮಾಯ

ಆಲ್ದೂರಿನ ಹತ್ತಿರ ನಮ್ಮ ತೋಟದ ಮನೆ. ಮುಂದಿನ ಅರ್ಧ ಹೊಸದು, ಆರ್‌ಸಿಸಿ, ಎರಡಂತಸ್ತು. ಹಿಂದಿನ ಅರ್ಧ ಅಪ್ಪನ ಕಾಲದ್ದು, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಹೆಂಚು. ಫೈಬರ್ ಲೈನು ಮಹಡಿಯ ಕೋಣೆಗೆ ಬಂದಿದೆ. ಕಣದ ಕಡೆಗಿರುವ ಕಿಟಕಿಯ ಪಕ್ಕ, ಸುಮಾರು ಐದಡಿ ಎತ್ತರದ ಶೆಲ್ಫಿನ ಮೇಲೆ ರೂಟರ್ ಇಟ್ಟಿದ್ದೆವು. ಅಲ್ಲಿಂದ 25 ಮೀಟರ್ ಆಚೆ ಗೋಡೌನ್. ಕಾಫಿ ಒಣಗಲು ಹಾಕಿದ ದಿನಗಳಲ್ಲಿ ರಾತ್ರಿ ಕಣದ ಮೇಲೆ ಒಂದು ಕಣ್ಣಿರಲಿ ಎಂದು ಗೋಡೌನಿನ ಸೂರಿನ ಕೆಳಗೆ ವೈಫೈ ಕ್ಯಾಮೆರಾ ಹಾಕಿಸಿದ್ದೆ.

ಹಾಕಿದ ವಾರದೊಳಗೆ ಅದು ಕೈಕೊಡಲು ಶುರುವಾಯಿತು. ಬೆಳಿಗ್ಗೆ ಚಿತ್ರ ಇರುವುದಿಲ್ಲ, ಮಧ್ಯಾಹ್ನ ತಾನಾಗಿಯೇ ಬರುತ್ತದೆ. ಹಾಕಿದ ಹುಡುಗ ಬಂದು ಕ್ಯಾಮೆರಾ ಬದಲಿಸಿಕೊಟ್ಟ. ಆಮೇಲೂ ಅದೇ ಕಥೆ. ಸುಳಿವು ಕೊಟ್ಟವಳು ನನ್ನ ಹೆಂಡತಿ. "ರೀ, ನಾನು ಮೋಟರ್ ಹಾಕಿದ ಮೇಲೇನೇ ಇದು ಹೋಗೋದು, ಗಮನಿಸಿದ್ದೀರಾ?" ಅಂದಳು.

ಮೊದಲು ಮೋಟರಿನ ಮೇಲೆಯೇ ಅನುಮಾನಪಟ್ಟೆ. ವೋಲ್ಟೇಜ್ ಇಳಿದು ರೂಟರಿಗೆ ತೊಂದರೆ ಆಗುತ್ತಿರಬಹುದು ಅಂದುಕೊಂಡೆ. ಆದರೆ ಮೋಟರ್ ನಿಂತು ಎರಡು ತಾಸಾದರೂ ಕ್ಯಾಮೆರಾ ಬರುತ್ತಿರಲಿಲ್ಲ. ಸ್ನಾನ, ಬಟ್ಟೆ, ಪಾತ್ರೆ ಎಲ್ಲ ಮುಗಿದ ಮೇಲೆ ಬರುತ್ತಿತ್ತು. ಕಿಟಕಿಯಲ್ಲಿ ನಿಂತು ಗೋಡೌನಿನ ಕಡೆ ನೋಡಿದೆ. ಎರಡು ಮೀಟರ್ ಮುಂದೆ ತಾರಸಿಯ ಮೇಲೆ ಸಾವಿರ ಲೀಟರಿನ ಕಪ್ಪು ಟ್ಯಾಂಕ್ ಕೂತಿತ್ತು, ರೂಟರಿಗೂ ಕ್ಯಾಮೆರಾಕ್ಕೂ ನಟ್ಟನಡುವೆ.

ಆ ದಿನದಿಂದ ಅಳತೆ ಬರೆದಿಡತೊಡಗಿದೆ. ಫೋನಿನಲ್ಲಿ ವೈಫೈ ಬಲವನ್ನು ಡಿಬಿಎಂ ಲೆಕ್ಕದಲ್ಲಿ ತೋರಿಸುವ ಉಚಿತ ಆ್ಯಪ್‌ಗಳಿವೆ. ಅಂಕಿ ಯಾವಾಗಲೂ ಋಣಸಂಖ್ಯೆಯಲ್ಲಿರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. −50 ಅಂದರೆ ಭರ್ಜರಿ, −67ರ ತನಕ ವಿಡಿಯೊ ಕಾಲ್ ಸಲೀಸು, −80 ದಾಟಿದರೆ ಸಂಪರ್ಕ ಇದ್ದೂ ಇಲ್ಲದ ಹಾಗೆ. ಮೂರು ಅಂಕಿ ಇಳಿದರೆ ಶಕ್ತಿ ಅರ್ಧ, ಹತ್ತು ಇಳಿದರೆ ಹತ್ತನೇ ಒಂದು ಪಾಲು. ಫೋನನ್ನು ಪ್ರತಿ ಸಲ ಒಂದೇ ಜಾಗದಲ್ಲಿ, ಒಂದೇ ಕಡೆಗೆ ಮುಖ ಮಾಡಿ ಇಟ್ಟು, ಪಕ್ಕಕ್ಕೆ ಸರಿದು ನಿಂತು ನೋಡಬೇಕು. ನಮ್ಮ ಮೈಯೂ ಬಹುಪಾಲು ನೀರೇ, ಅಡ್ಡ ನಿಂತರೆ ಅಂಕಿ ಕೆಡುತ್ತದೆ.

ಕ್ಯಾಮೆರಾದ ಕೆಳಗೆ ಏಣಿಗೆ ಫೋನ್ ಕಟ್ಟಿ ನೋಡಿದಾಗ ಟ್ಯಾಂಕ್ ಖಾಲಿ ಇದ್ದರೆ −63, ಅರ್ಧ ಇದ್ದರೆ −66, ಮುಕ್ಕಾಲಾದಾಗ −78, ತುಂಬಿದಾಗ −84. ಖಾಲಿಗೂ ತುಂಬಿದ್ದಕ್ಕೂ 21ರ ಅಂತರ. ಅಂದರೆ ಬರುತ್ತಿದ್ದ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲೂ ಉಳಿಯುತ್ತಿರಲಿಲ್ಲ. ಅರ್ಧದಿಂದ ಮುಕ್ಕಾಲಿಗೆ ಏರುವಾಗ ಒಮ್ಮೆಲೇ ಬೀಳುವುದಕ್ಕೂ ಕಾರಣ ಇತ್ತು. ಟ್ಯಾಂಕಿನ ಸ್ಟ್ಯಾಂಡ್ ಎರಡಡಿ, ಟ್ಯಾಂಕ್ ನಾಲ್ಕಡಿ. ರೂಟರಿನಿಂದ ಕ್ಯಾಮೆರಾಕ್ಕೆ ಹೋಗುವ ಗೆರೆ ತಾರಸಿಯಿಂದ ನಾಲ್ಕೂವರೆ ಅಡಿ ಮೇಲೆ ಟ್ಯಾಂಕನ್ನು ಹಾಯುತ್ತಿತ್ತು. ನೀರು ಆ ಮಟ್ಟಕ್ಕೆ ಬಂದಾಗಲೇ ದಾರಿ ಮುಚ್ಚುತ್ತಿತ್ತು.

ಇದು ವೈಫೈ ದೋಷವೋ ಇಂಟರ್ನೆಟ್ ದೋಷವೋ ಎಂದು ಖಾತ್ರಿ ಮಾಡಿಕೊಳ್ಳಲು ಲ್ಯಾಪ್‌ಟಾಪನ್ನು ರೂಟರಿಗೆ ಕೇಬಲ್ಲಿನಲ್ಲಿ ಸೇರಿಸಿ ಕ್ಯಾಮೆರಾದ ವಿಳಾಸಕ್ಕೆ ಪಿಂಗ್ ಕೊಟ್ಟೆ, ಅಂದರೆ ಉತ್ತರ ಕೇಳುವ ಸಣ್ಣ ಸಂದೇಶವನ್ನು 50 ಸಲ ಕಳಿಸಿದೆ:

```
ping -n 50 192.168.1.64
```

ಟ್ಯಾಂಕ್ ಖಾಲಿ ಇದ್ದಾಗ 50ಕ್ಕೆ 50 ಉತ್ತರ. ತುಂಬಿದಾಗ 17 ಕಾಣೆ. ಹೊರಗಿನ ಇಂಟರ್ನೆಟ್ಟಿಗೆ ಇದರಲ್ಲಿ ಪಾತ್ರವೇ ಇಲ್ಲ, ಆದ್ದರಿಂದ ಕಂಪನಿಗೆ ಫೋನ್ ಮಾಡುವ ಪ್ರಶ್ನೆ ಮುಗಿಯಿತು.

ನೀರು ಇಷ್ಟು ಹಾಳು ಮಾಡುವುದು ಯಾಕೆ? ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸ್‌ನಲ್ಲಿ, ವೈಫೈಯ 2.4 ಪಟ್ಟಿಯೊಳಗೇ. ಊಟದಲ್ಲಿರುವ ನೀರು ಆ ಅಲೆಯನ್ನು ಹೀರಿ ಬಿಸಿಯಾಗುವ ಹಾಗೆಯೇ ಟ್ಯಾಂಕಿನ ನೀರೂ ವೈಫೈಯನ್ನು ಹೀರುತ್ತದೆ. ರೂಟರಿನ ಶಕ್ತಿ ತೀರಾ ಕಡಿಮೆಯಾದ್ದರಿಂದ ಬಿಸಿ ಮಾತ್ರ ಗೊತ್ತಾಗುವುದಿಲ್ಲ. 2.4ರಲ್ಲಿ ಒಂದೊಂದು ಸೆಂಟಿಮೀಟರ್ ನೀರಿಗೂ ಸುಮಾರು ಎರಡೂವರೆ ಡೆಸಿಬಲ್, ಅಂದರೆ ಆ್ಯಪಿನ ಲೆಕ್ಕದಲ್ಲಿ ಎರಡೂವರೆ ಅಂಕಿ, ಹೋಗುತ್ತದೆ. ವೈಫೈಯ ಇನ್ನೊಂದು ಪಟ್ಟಿಯಾದ 5 ಗಿಗಾಹರ್ಟ್ಸ್‌ನಲ್ಲಿ ಅದು ನಾಲ್ಕು ಪಟ್ಟು. ಮೂರೂವರೆ ಅಡಿ ಅಗಲದ ನೀರನ್ನು ದಾಟಿ ಏನೂ ಬರಲಾರದು. ತುಂಬಿದಾಗಲೂ ನಮಗೆ ಸಿಗುತ್ತಿದ್ದ −84 ಟ್ಯಾಂಕಿನ ಅಂಚುಗಳನ್ನು ಬಳಸಿಕೊಂಡು, ಗೋಡೌನಿನ ಶೀಟಿಗೆ ಬಡಿದು ಬಂದದ್ದು. ಪ್ಲಾಸ್ಟಿಕ್ ಮಾತ್ರ ಅಡ್ಡವೇ ಅಲ್ಲ, ಖಾಲಿ ಟ್ಯಾಂಕ್ ವೈಫೈಗೆ ಗಾಜಿನ ಹಾಗೆ.

ಗೋಡೌನಿನ ತನಕ ಕೇಬಲ್ ಎಳೆದುಬಿಡಿ ಎಂದು ಹಲವರು ಹೇಳಿದರು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಿಡಿಲು ಕಂಡವರು ಎರಡು ಕಟ್ಟಡಗಳ ನಡುವೆ ತಾಮ್ರದ ತಂತಿ ಎಳೆಯಲು ಹೆದರಬೇಕು, ನಾನೂ ಹೆದರಿದೆ. ರೂಟರನ್ನು ಇನ್ನೂ ಎತ್ತರಕ್ಕೆ ಏರಿಸೋಣ ಎಂದರೆ ಟ್ಯಾಂಕಿನ ತಲೆಯಿಂದ ಒಂದೂವರೆ ಅಡಿಯಾದರೂ ಮೇಲಿರಬೇಕು, ಅಷ್ಟರಲ್ಲಿ ಕಿಟಕಿ ಮುಗಿದು ಲಿಂಟಲ್ ಬರುತ್ತದೆ. ಉಳಿದದ್ದು ಪಕ್ಕಕ್ಕೆ ಸರಿಸುವುದು. ಇಲ್ಲಿ ಒಂದು ವಿಷಯ ಗೊತ್ತಿರಬೇಕು: ನೇರ ಗೆರೆ ತಪ್ಪಿದರೆ ಸಾಲದು. ಅಲೆ ದಾರದ ಹಾಗೆ ಹೋಗುವುದಿಲ್ಲ, ಗೆರೆಯ ಸುತ್ತ ಒಂದು ಕೊಳವೆಯಷ್ಟು ಜಾಗ ತೆಗೆದುಕೊಳ್ಳುತ್ತದೆ. ನಮ್ಮ ದೂರಕ್ಕೆ ಟ್ಯಾಂಕಿನ ಹತ್ತಿರ ಆ ಕೊಳವೆಯ ಅರ್ಧ ಅಗಲ ಒಂದೂವರೆ ಅಡಿ ಚಿಲ್ಲರೆ, ಅಂಗಳದ ನಡುವೆ ಸುಮಾರು ಮೂರಡಿ. ರೂಟರನ್ನು ಎರಡಡಿ ಸರಿಸಿದಾಗ ಏನೂ ಬದಲಾಗದಿದ್ದದ್ದು ಇದಕ್ಕೇ.

ಆರಡಿ ಬಲಕ್ಕೆ ಇನ್ನೊಂದು ಕಿಟಕಿ ಇತ್ತು. ಲೆಕ್ಕದ ಪ್ರಕಾರ ಅಲ್ಲಿಂದ ದಾರಿ ಪೂರ್ತಿ ತೆರವು. ರೂಟರ್ ಇಟ್ಟು, ಏಣಿ ಹತ್ತಿ ನೋಡಿದರೆ −79. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಕಂಡಿತು: ಆ ಕಿಟಕಿಗೆ ಸೊಳ್ಳೆಗೆಂದು ಸ್ಟೀಲಿನ ಜಾಲರಿ ಹಾಕಿಸಿದ್ದೆವು. ಜಾಲರಿಯ ತೂತು ಒಂದು ಮಿಲಿಮೀಟರ್ ಚಿಲ್ಲರೆ, ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್. ಅಲೆಗೆ ಅದು ಜಾಲರಿಯಲ್ಲ, ತಗಡು. ಜಾಲರಿಯ ಚೌಕಟ್ಟು ತೆರೆದೆ, −67 ಆಯಿತು. ಬಡಗಿಯನ್ನು ಕರೆಸಿ ಅದನ್ನು ಬಿಚ್ಚಿಸಿ ನೈಲಾನ್ ಬಲೆ ಹಾಕಿಸಿದೆ. ಈಗ ಟ್ಯಾಂಕ್ ತುಂಬಿರಲಿ, ಖಾಲಿ ಇರಲಿ, −66 ಮತ್ತು −67ರ ನಡುವೆ ನಿಂತಿದೆ. ಕಿಟಕಿಯ ಕಬ್ಬಿಣದ ಸರಳುಗಳು ಅಷ್ಟು ಕಾಟ ಕೊಡಲಿಲ್ಲ, ಸರಳಿನಿಂದ ಸರಳಿಗೆ ನಾಲ್ಕು ಇಂಚು ಸಂದಿ ಇದೆ.

ಕೆಳಗಿನ ಕೋಣೆಯ ಕಥೆ ಬೇರೆ. ಮಗಳು ಅಲ್ಲಿ ಕೂತು ಬೆಂಗಳೂರಿನ ಆಫೀಸಿನ ಕೆಲಸ ಮಾಡುತ್ತಾಳೆ. ಮರದ ಬಾಗಿಲಿಗೆ ಗೆದ್ದಲು ಹತ್ತಿತೆಂದು ಅಲ್ಲಿ ಸ್ಟೀಲ್ ಬಾಗಿಲು ಕೂರಿಸಿದ್ದೆವು. ಹಾಲ್‌ಗೂ ಆ ಕೋಣೆಗೂ ನಡುವೆ ಗೋಡೆಯ ಬದಲು ಪ್ಲೈವುಡ್ಡಿನ ವಾರ್ಡ್‌ರೋಬು, ಅದಕ್ಕೆ ಆಳೆತ್ತರದ ಕನ್ನಡಿ ಅಂಟಿಸಿದ ಜಾರುವ ಬಾಗಿಲುಗಳು. "ಅಪ್ಪಾ, ಬಾಗಿಲು ಹಾಕಿಕೊಂಡರೆ ಮೀಟಿಂಗ್‌ನಲ್ಲಿ ನನ್ನ ಮಾತು ಕತ್ತರಿಸಿ ಹೋಗುತ್ತಂತೆ" ಎನ್ನುತ್ತಿದ್ದಳು. ಅವಳ ಕುರ್ಚಿಯಲ್ಲಿ ಬಾಗಿಲು ಮುಚ್ಚಿದರೆ −79, ತೆಗೆದರೆ −68. ಬಾಗಿಲು ಮುಚ್ಚಿಯೇ ಕನ್ನಡಿಯನ್ನು ಪಕ್ಕಕ್ಕೆ ಜಾರಿಸಿದರೆ −70.

ಕನ್ನಡಿಯ ಗಾಜಿನ ತಪ್ಪಿಲ್ಲ. ಹಿಂದಿನ ಬೆಳ್ಳಿಯ ಲೇಪ ಕೂದಲಿಗಿಂತ ಎಷ್ಟೋ ಪಟ್ಟು ತೆಳು, ಆದರೂ ಲೋಹ ಲೋಹವೇ. ಬೆಳಕನ್ನು ಹೇಗೆ ಹಿಂದಕ್ಕೆ ಕಳಿಸುತ್ತದೋ ವೈಫೈಯನ್ನೂ ಹಾಗೇ ಕಳಿಸುತ್ತದೆ. ಪ್ಲೈವುಡ್, ಬಟ್ಟೆ, ಸೀರೆಗಳ ರಾಶಿ ಯಾವುದೂ ಲೆಕ್ಕಕ್ಕಿಲ್ಲ. ಉಳಿದ ದಾರಿ ಮೇಲಿನ ಸ್ಲ್ಯಾಬು. ಐದು ಇಂಚು ಕಾಂಕ್ರೀಟು, ಒಳಗೆ ಆರಿಂಚಿಗೊಂದರಂತೆ ಅಡ್ಡಡ್ಡ ಉದ್ದುದ್ದ ಕಬ್ಬಿಣ. ಅದನ್ನು ಓರೆಯಾಗಿ ಹಾಯಬೇಕಾದ್ದರಿಂದ ದಪ್ಪ ಇನ್ನೂ ಹೆಚ್ಚಾದ ಹಾಗೆ.

ಅಂಗಡಿಯವರು ರಿಪೀಟರ್ ಕೊಟ್ಟರು, ಮಗಳ ಮೇಜಿನ ಪಕ್ಕ ಚುಚ್ಚಿದೆ. ಫೋನಿನಲ್ಲಿ ಕಡ್ಡಿಗಳು ಪೂರ್ತಿ, ಕೆಲಸ ಮೊದಲಿನಷ್ಟೇ ನಿಧಾನ. ರಿಪೀಟರಿಗೇ ಸಿಗುತ್ತಿದ್ದದ್ದು −79; ತನಗೆ ಕೇಳಿಸದ ಮಾತನ್ನು ಅದು ಜೋರಾಗಿ ಹೇಳುವುದಾದರೂ ಹೇಗೆ? ರಿಪೀಟರ್ ಇಡುವುದಾದರೆ ಅಡ್ಡಿಯ ಈಚೆ, ಸಿಗ್ನಲ್ ಇನ್ನೂ ಚೆನ್ನಾಗಿರುವಲ್ಲಿ ಇಡಬೇಕು. ನಮಗೆ ಆ ಜಾಗ ಹಾಲ್, ಅಲ್ಲಿಂದ ಮತ್ತೆ ಅದೇ ಕನ್ನಡಿ, ಅದೇ ಬಾಗಿಲು. ಹಾಗಾಗಿ ಅದನ್ನು ವಾಪಸ್ ಕೊಟ್ಟೆ.

ಮಾಡಿದ್ದು ಇಷ್ಟು. ಮಹಡಿಯ ರೂಟರಿನಿಂದ ಮೆಟ್ಟಿಲ ಅಂಚಿನಲ್ಲಿ 22 ಮೀಟರ್ ಕ್ಯಾಟ್ 6 ಕೇಬಲ್ ಇಳಿಸಿದೆ. ಕರೆಂಟಿನ ಪೈಪಿನೊಳಗೆ ತೂರಿಸಲಿಲ್ಲ, ಬೇರೆಯೇ ಪಟ್ಟಿ ಹೊಡೆಸಿದೆ. ಚೌಕಟ್ಟಿನ ಪಕ್ಕ 12 ಮಿಲಿಮೀಟರ್ ತೂತು ಕೊರೆಸಿ ಕೋಣೆಯೊಳಗೆ ಒಂದು ಆ್ಯಕ್ಸೆಸ್ ಪಾಯಿಂಟ್, ಅಂದರೆ ಕೇಬಲ್ಲಿನಲ್ಲಿ ಬಂದದ್ದನ್ನು ವೈಫೈಯಾಗಿ ಹರಡುವ ಪೆಟ್ಟಿಗೆ, ಕೂರಿಸಿದೆ. ಹೆಸರು, ಪಾಸ್‌ವರ್ಡ್ ಮೇಲಿನದ್ದೇ, 2.4ರಲ್ಲಿ ಮೇಲಿನದ್ದಕ್ಕೆ ಚಾನೆಲ್ 1, ಕೆಳಗಿನದ್ದಕ್ಕೆ 11. ಹೊಸ ಪೆಟ್ಟಿಗೆಯ ಡಿಎಚ್‌ಸಿಪಿ ಆಫ್ ಮಾಡುವುದನ್ನು ಮರೆಯಬಾರದು, ಇಲ್ಲದಿದ್ದರೆ ಎರಡು ಪೆಟ್ಟಿಗೆಗಳೂ ವಿಳಾಸ ಹಂಚಲು ಹೋಗಿ ಇನ್ನೊಂದು ತಲೆನೋವು ಹುಟ್ಟುತ್ತದೆ. ಈಗ ಅವಳ ಕುರ್ಚಿಯಲ್ಲಿ −42, ಬಾಗಿಲು ಹೇಗಿದ್ದರೂ. ಕೋಣೆಯ ಒಳಗಿರುವುದರಿಂದ ಆ ಕನ್ನಡಿ, ಆ ಬಾಗಿಲು ಎರಡೂ ಸಿಗ್ನಲ್ಲನ್ನು ಒಳಗೇ ಹಿಡಿದಿಡುತ್ತವೆ.

ಹಳೆಯ ಮನೆಯ ಅಡುಗೆಮನೆಗೆ ಏನೂ ಮಾಡಿಲ್ಲ. ಅಲ್ಲಿ ಫೆಬ್ರವರಿಯಲ್ಲಿ −69, ಜುಲೈಯಲ್ಲಿ ಅದೇ ಜಾಗದಲ್ಲಿ −75. ಗೋಡೆ ಮಳೆಯ ತೇವ ಕುಡಿದಿರುತ್ತದೆ, ಅದೂ ನೀರೇ. ಅಲ್ಲಿ ಹಾಡು ಕೇಳಲು ಅಷ್ಟು ಸಾಕು.

ಮನೆಯಲ್ಲಿ ಈಗ ಎರಡನೆಯ ಟ್ಯಾಂಕಿನ ಮಾತು ನಡೆದಿದೆ. ರೂಟರಿನ ಹೊಸ ಕಿಟಕಿಯಿಂದ ಕ್ಯಾಮೆರಾದ ಕಡೆಗೆ ದಾರ ಹಿಡಿದು, ತಾರಸಿಯ ಮೇಲೆ ಆ ಗೆರೆಯ ಎರಡೂ ಬದಿಗೆ ಎರಡೆರಡಡಿ ಬಿಟ್ಟು ಕೆಂಪು ಪೇಂಟಿನಲ್ಲಿ ಪಟ್ಟಿ ಎಳೆದಿದ್ದೇನೆ. ಪ್ಲಂಬರಿಗೆ ತೋರಿಸಿ, ಟ್ಯಾಂಕ್ ಎಲ್ಲಿ ಬೇಕಾದರೂ ಇಡಿ, ಈ ಪಟ್ಟಿಯೊಳಗೆ ಮಾತ್ರ ಬೇಡ ಎಂದು ಹೇಳಿಟ್ಟಿದ್ದೇನೆ.