ಲಾಭ 75 ಕೋಟಿ, ಕೈಗೆ ಬಂದಿದ್ದು 5 ಕೋಟಿ: ಸಾವ್ಕಾರ್ರಿಗೆ ಕ್ಯಾಶ್ ಫ್ಲೋ ಓದಿ ಹೇಳಿದ ಕತೆ

ದಾವಣಗೆರೆಯಲ್ಲಿ ನಾನು ಕೆಲವು ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಜಿಎಸ್‌ಟಿ ರಿಟರ್ನ್ ಹಾಕುತ್ತೇನೆ. ಅದರಲ್ಲಿ ಒಂದು ಪೈಪು, ಫಿಟ್ಟಿಂಗ್ಸ್ ಅಂಗಡಿ. ಅಲ್ಲಿನ ಸಾವ್ಕಾರ್ರು ಕನ್ನಡದಲ್ಲೇ ಓದಿದವರು, ಬಾಯಿಲೆಕ್ಕದಲ್ಲಿ ಮಾತ್ರ ನನಗಿಂತ ಚುರುಕು. ಕಳೆದ ಆಗಸ್ಟ್‌ನಲ್ಲಿ ಒಂದು ಪೈಪ್ ಕಂಪನಿಯ ವಾರ್ಷಿಕ ವರದಿಯನ್ನು ಫೋನಿನಲ್ಲಿ ತೋರಿಸಿ, "ತಮ್ಮಾ, ಇವರ ಮಾಲು ನಾನೇ ಮಾರ್ತೀನಿ. 75 ಕೋಟಿ ಲಾಭ ಮಾಡ್ಯಾರಂತೆ. ಒಂದಿಷ್ಟು ಶೇರು ತಗೊಳ್ಳೋಣ ಅಂತಿದೀನಿ, ನೀನೊಮ್ಮೆ ನೋಡು" ಅಂದರು. ಕಂಪನಿಯ ಹೆಸರು ಹೇಳುವುದಿಲ್ಲ. ಅಂಕಿಗಳನ್ನೂ ದುಂಡಗೆ ಮಾಡಿಕೊಂಡಿದ್ದೇನೆ, ಎಲ್ಲವೂ ಕೋಟಿ ರೂಪಾಯಿಗಳಲ್ಲಿ.

ಇನ್ನೂರಕ್ಕೂ ಜಾಸ್ತಿ ಪುಟದ ಪಿಡಿಎಫ್ ಅದು. ನಾನು ಮುಂದಿನ ಬಣ್ಣದ ಪುಟಗಳನ್ನು ಓದುವುದಿಲ್ಲ. ರೊಕ್ಕ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ತೋರಿಸುವ ಕ್ಯಾಶ್ ಫ್ಲೋ ಪುಟಕ್ಕಾಗಿ ಸೀದಾ ಹುಡುಕುವ ಜಾಗದಲ್ಲಿ `Cash flows from operating activities` ಅಂತ ಟೈಪ್ ಮಾಡುತ್ತೇನೆ. ಸಾಮಾನ್ಯವಾಗಿ ಎರಡು ಕಡೆ ಸಿಗುತ್ತದೆ. ಒಂದು ಸ್ಟ್ಯಾಂಡಲೋನ್, ಅಂದರೆ ಆ ಒಂದು ಕಂಪನಿಯದ್ದು ಮಾತ್ರ. ಇನ್ನೊಂದು ಕನ್ಸಾಲಿಡೇಟೆಡ್, ಅದರ ಕೈಕೆಳಗಿನ ಕಂಪನಿಗಳನ್ನೂ ಸೇರಿಸಿದ್ದು. ಅಂಗಡಿ ಒಬ್ಬರ ಹೆಸರಲ್ಲಿ, ಗೋಡೌನು ತಮ್ಮನ ಹೆಸರಲ್ಲಿ ಇದ್ದರೆ ಎರಡನ್ನೂ ಸೇರಿಸಿ ನೋಡಿದಾಗಲೇ ಮನೆಯ ಸಾಲ ಎಷ್ಟು ಅಂತ ಗೊತ್ತಾಗುವುದು, ಅಲ್ವಾ. ಹಾಗಾಗಿ ಎರಡನೆಯದನ್ನೇ ತೆಗೆದು ಎರಡು ಪುಟ ಪ್ರಿಂಟ್ ಹಾಕಿಸಿಕೊಂಡು ಅಂಗಡಿಗೆ ಹೋದೆ.

ಮೊದಲು ಹೇಳಿದ್ದು ಕಂಸದ ಬಗ್ಗೆ. (85) ಅಂತ ಕಂಸದೊಳಗೆ ಅಂಕಿ ಇದ್ದರೆ ಅಷ್ಟು ದುಡ್ಡು ಹೊರಗೆ ಹೋಯಿತು, ಇಲ್ಲವೇ ಬರಬೇಕಾದ ದುಡ್ಡು ಬರಲಿಲ್ಲ. ಕಂಸ ಇಲ್ಲದಿದ್ದರೆ ಕೂಡಬೇಕು. ಇಷ್ಟು ಗೊತ್ತಿದ್ದರೆ ಅರ್ಧ ಪುಟ ಬಿಡಿಸಿದ ಹಾಗೆಯೇ.

ಆಮೇಲೆ ಅವರ ಕಿರ್ದಿ ಪುಸ್ತಕ ತೆಗೆಸಿದೆ. "ನಿಮ್ಮ ಕಿರ್ದಿಯಲ್ಲಿ ಬಂದ ರೊಕ್ಕ ಒಂದು ಕಡೆ, ಹೋದ ರೊಕ್ಕ ಒಂದು ಕಡೆ ಇರುತ್ತೆ. ಇವರು ಹಾಗೆ ಬರೆಯಲ್ಲ. ಲಾಭದಿಂದ ಶುರು ಮಾಡಿ ಹಿಂದಕ್ಕೆ ನಡೆದುಕೊಂಡು ರೊಕ್ಕಕ್ಕೆ ಬರ್ತಾರೆ" ಅಂದೆ. ಇದಕ್ಕೆ ಇನ್‌ಡೈರೆಕ್ಟ್ ಮೆಥಡ್ ಅನ್ನುತ್ತಾರೆ. ಶೇರುಪೇಟೆಯಲ್ಲಿರುವ ಕಂಪನಿಗಳು ವಾರ್ಷಿಕ ವರದಿಯಲ್ಲಿ ಹೀಗೆಯೇ ತೋರಿಸಬೇಕು ಅಂತ ಸೆಬಿ ನಿಯಮವಿದೆ. ಮೊದಲ ಸಲ ಓದುವವರು ಎಡವುವುದು ಇಲ್ಲೇ.

ಈ ಪುಟಕ್ಕೆ ಮೂರು ಭಾಗ. ಮೊದಲನೆಯದು ಆಪರೇಟಿಂಗ್, ಅಂದರೆ ವ್ಯಾಪಾರದಿಂದ ಬಂದ ರೊಕ್ಕ. ಅದರ ಮೊದಲ ಸಾಲು ತೆರಿಗೆಗೆ ಮುಂಚಿನ ಲಾಭ, 100. ತೆರಿಗೆ ಕಳೆದ ಮೇಲಿನ ನಿವ್ವಳ ಲಾಭವೇ ಸಾವ್ಕಾರ್ರು ಹೇಳಿದ 75. ಅದರ ಕೆಳಗೆ ಡೆಪ್ರಿಸಿಯೇಷನ್, ಅಂದರೆ ಸವಕಳಿ, 20 ಕೂಡಿದ್ದರು. "ಇದ್ಯಾಕೆ ಕೂಡಿದ್ರು? ಸವಕಳಿ ಖರ್ಚಲ್ವಾ?" ಅಂತ ಸಾವ್ಕಾರ್ರು ತಕ್ಷಣ ಕೇಳಿದರು. ಅವರ ಟೆಂಪೋ ತೋರಿಸಿದೆ. ಮೂರು ವರ್ಷದ ಹಿಂದೆ ಅದಕ್ಕೆ ರೊಕ್ಕ ಕೊಟ್ಟು ಆಗಿದೆ. ಈಗ ವರ್ಷಕ್ಕಿಷ್ಟು ಅಂತ ಲಾಭದಲ್ಲಿ ಕಳೆಯುತ್ತೇವೆ, ಆದರೆ ಈ ವರ್ಷ ಗಲ್ಲಾಪೆಟ್ಟಿಗೆಯಿಂದ ಅದಕ್ಕಾಗಿ ಒಂದು ರೂಪಾಯಿಯೂ ಹೋಗಿಲ್ಲ. ಹಾಗಾಗಿ ಕಳೆದದ್ದನ್ನು ವಾಪಸ್ ಕೂಡುತ್ತಾರೆ. ಬಡ್ಡಿ ಖರ್ಚು 15 ಕೂಡಿದ್ದು, ಬಡ್ಡಿ ಆದಾಯ 5 ಕಳೆದದ್ದು ಬೇರೆ ಕಾರಣಕ್ಕೆ. ಅವುಗಳಿಗೆ ಕೆಳಗೆ ಬೇರೆ ಜಾಗ ಇದೆ. ಒಟ್ಟು 130 ಆಯಿತು.

ಇದರ ಕೆಳಗಿನ ಮೂರು ಸಾಲುಗಳಿಗಾಗಿಯೇ ನಾನು ಅಷ್ಟು ದೂರ ಹೋಗಿದ್ದು. ಟ್ರೇಡ್ ರಿಸೀವಬಲ್ಸ್ (85), ಇನ್ವೆಂಟರೀಸ್ (40), ಟ್ರೇಡ್ ಪೇಯಬಲ್ಸ್ 25. ಕನ್ನಡದಲ್ಲಿ ಹೇಳಿದರೆ, ಊರಿಗೆ ಕೊಟ್ಟ ಉದ್ರಿ 85 ಕೋಟಿ ಹೆಚ್ಚಾಗಿದೆ, ಗೋಡೌನಿನಲ್ಲಿ ಮಾಲು 40 ಕೋಟಿ ಹೆಚ್ಚಾಗಿದೆ, ಕಚ್ಚಾ ಮಾಲು ಕೊಟ್ಟವರಿಗೆ ನಾವು ಉಳಿಸಿಕೊಂಡ ಬಾಕಿ 25 ಕೋಟಿ ಹೆಚ್ಚಾಗಿದೆ. ಮೊದಲೆರಡರಲ್ಲಿ ನಮ್ಮ ರೊಕ್ಕ ಸಿಕ್ಕಿಕೊಂಡಿತು, ಮೂರನೆಯದರಲ್ಲಿ ಬೇರೆಯವರ ರೊಕ್ಕ ನಮ್ಮಲ್ಲಿ ಉಳಿಯಿತು. 130ರಲ್ಲಿ 85 ಮತ್ತು 40 ಕಳೆದು 25 ಕೂಡಿದರೆ 30. ಕಟ್ಟಿದ ತೆರಿಗೆ 25. ಉಳಿದದ್ದು 5.

ಸಾವ್ಕಾರ್ರು ಪೆನ್ನು ತಗೊಂಡು ಆ 85ರ ಸುತ್ತ ಗೆರೆ ಹಾಕಿದರು. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು ಆಮೇಲೆ ಹೇಳಿದರು: "ಇದರಾಗೆ ನಂದೂ ಐತಲ್ಲೋ ತಮ್ಮಾ." ಮಾರ್ಚ್ ಕೊನೆಯ ವಾರ ಕಂಪನಿಯ ಸೇಲ್ಸ್‌ನವನು ಬಂದು, ಇನ್ನೆರಡು ಲೋಡ್ ಎತ್ತಿಕೊಳ್ಳಿ, ರೊಕ್ಕ ಜುಲೈನಲ್ಲಿ ಕೊಟ್ಟರೂ ಆಯ್ತು ಅಂದಿದ್ದನಂತೆ. ಮಾಮೂಲಿಯಾಗಿ 60 ದಿನದ ಉದ್ರಿ ಇವರಿಗೆ. ಆ ಎರಡು ಲೋಡಿನಲ್ಲಿ ಅರ್ಧ ಮಾಲು ಆಗಸ್ಟ್‌ನಲ್ಲೂ ಗೋಡೌನಿನಲ್ಲೇ ಇತ್ತು. ನಾನು ಪುಸ್ತಕದಲ್ಲಿ ಓದಿ ತಿಳಿದಿದ್ದನ್ನು ಅವರು ತಮ್ಮ ಗೋಡೌನಿನ ಬಾಗಿಲು ತೆಗೆದು ತೋರಿಸಿದರು. ಬಿಲ್ಲು ಆದ ಕೂಡಲೇ ಅದು ಕಂಪನಿಯ ಪುಸ್ತಕದಲ್ಲಿ ಮಾರಾಟ, ಮಾರಾಟವಾದರೆ ಲಾಭ. ರೊಕ್ಕ ಬಂದಿಲ್ಲ ಅನ್ನುವುದು ಈ ಸಾಲಿನಲ್ಲಿ ಗೊತ್ತಾಗುತ್ತದೆ.

ಆದರೆ ಉದ್ರಿ ಹೆಚ್ಚಾದ ಮಾತ್ರಕ್ಕೆ ತಪ್ಪು ಅಂತ ಹೇಳಕ್ಕಾಗಲ್ಲ. ವ್ಯಾಪಾರ ಬೆಳೆದರೆ ಉದ್ರಿಯೂ ಬೆಳೆಯುತ್ತದೆ. ಅದಕ್ಕೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಮಾರಾಟ 800ರಿಂದ 920 ಆಗಿತ್ತು, ಅಂದರೆ ನೂರಕ್ಕೆ 15 ಹೆಚ್ಚು. ಉದ್ರಿ 170ರಿಂದ 255, ನೂರಕ್ಕೆ 50 ಹೆಚ್ಚು. ದಿನಗಳ ಲೆಕ್ಕಕ್ಕೆ ಉದ್ರಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿದರೆ ಹಿಂದಿನ ವರ್ಷ 78 ದಿನ ಇದ್ದದ್ದು 101 ದಿನ ಆಗಿದೆ. ಉದ್ರಿಯಲ್ಲಿ ನೂರಕ್ಕೆ 18ರ ಜಿಎಸ್‌ಟಿ ಸೇರಿರುತ್ತದೆ, ಮಾರಾಟದ ಅಂಕಿಯಲ್ಲಿ ಸೇರಿರುವುದಿಲ್ಲ, ಹಾಗಾಗಿ ದಿನಗಳು ನಿಜಕ್ಕಿಂತ ಸ್ವಲ್ಪ ಜಾಸ್ತಿ ಕಾಣುತ್ತವೆ. ಎರಡೂ ವರ್ಷಕ್ಕೆ ಅದೇ ಅಳತೆ ಆದ್ದರಿಂದ ಹೋಲಿಸುವುದಕ್ಕೆ ತೊಂದರೆ ಇಲ್ಲ.

ಇನ್ನೊಂದು ಜಾಗವನ್ನೂ ನೋಡಿದೆವು. 2021-22ರಿಂದ ಕಂಪನಿಗಳು ಉದ್ರಿಯ ವಯಸ್ಸನ್ನೂ ಟಿಪ್ಪಣಿಗಳಲ್ಲಿ ಕೊಡಬೇಕು: ಆರು ತಿಂಗಳೊಳಗಿನದು ಎಷ್ಟು, ಆರು ತಿಂಗಳಿಂದ ಒಂದು ವರ್ಷದ್ದು ಎಷ್ಟು, ಮೂರು ವರ್ಷಕ್ಕಿಂತ ಹಳೆಯದು ಎಷ್ಟು ಅಂತ. ಪಿಡಿಎಫ್‌ನಲ್ಲಿ `ageing` ಅಂತ ಹುಡುಕಿದರೆ ಸಿಗುತ್ತದೆ. ಇಲ್ಲಿ ಹಳೇ ಬಾಕಿ ಕಡಿಮೆಯೇ ಇತ್ತು. ಹೆಚ್ಚಾದದ್ದು ಪೂರ್ತಿ ಆರು ತಿಂಗಳೊಳಗಿನ ಉದ್ರಿ. ಅಂದರೆ ಸದ್ಯಕ್ಕೆ ರೊಕ್ಕ ಮುಳುಗಿಲ್ಲ, ಮಾರ್ಚ್‌ನಲ್ಲಿ ಮಾಲು ತಳ್ಳಿದ ಗುರುತು ಮಾತ್ರ ಕಾಣುತ್ತದೆ.

ಎರಡನೇ ಭಾಗ ಇನ್ವೆಸ್ಟಿಂಗ್. ಯಂತ್ರ, ಕಟ್ಟಡಕ್ಕೆ (45). ಬ್ಯಾಂಕ್ ಡಿಪಾಸಿಟ್ ಮುರಿಸಿದ್ದರಿಂದ 10, ಬಂದ ಬಡ್ಡಿ 5. ಒಟ್ಟು (30). ಯಂತ್ರಕ್ಕೆ ಹಾಕಿದ್ದು ಒಳ್ಳೆಯದೇ ಇರಬಹುದು, ಅದರ ಮೇಲೆ ತಕರಾರಿಲ್ಲ. ಆದರೆ ಡಿಪಾಸಿಟ್ ಸಾಲಿನಲ್ಲಿ ಹುಷಾರಾಗಿರಬೇಕು. ಮೂರು ತಿಂಗಳಿಗಿಂತ ಹೆಚ್ಚು ಅವಧಿಗೆ ಇಟ್ಟ ಡಿಪಾಸಿಟ್ಟನ್ನು ಇವರು ಕೈರೊಕ್ಕ ಅಂತ ಲೆಕ್ಕ ಹಾಕುವುದಿಲ್ಲ. ಹಾಗಾಗಿ ಅದನ್ನು ಮುರಿಸಿದರೆ ಎಲ್ಲಿಂದಲೋ ದುಡ್ಡು ಬಂದ ಹಾಗೆ ಕಾಣುತ್ತದೆ, ಇಟ್ಟರೆ ಖರ್ಚಾದ ಹಾಗೆ ಕಾಣುತ್ತದೆ.

ಬಂದ ಬಡ್ಡಿಯ ಸಾಲನ್ನು ನಾನು ಯಾವತ್ತೂ ಬಿಡುವುದಿಲ್ಲ. ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರು 2009ರ ಜನವರಿ 7ರಂದು ಬರೆದ ಪತ್ರದಲ್ಲಿ, ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ, ಬರಬೇಕಾದ ಬಡ್ಡಿ ಅಂತ ತೋರಿಸಿದ್ದ 376 ಕೋಟಿಯೂ ಇಲ್ಲ ಅಂತ ಒಪ್ಪಿಕೊಂಡರು. ರೊಕ್ಕದ ಲೆಕ್ಕವೇ ಸುಳ್ಳಾಗಬಹುದು ಅಂದ ಹಾಗಾಯಿತು. ಅದಕ್ಕೇ ಬ್ಯಾಂಕಿನಲ್ಲಿ ಇಷ್ಟು ಕೋಟಿ ಇದೆ ಅಂತ ಯಾರಾದರೂ ತೋರಿಸಿದರೆ, ಅಷ್ಟಕ್ಕೆ ತಕ್ಕ ಬಡ್ಡಿ ಕೈಗೆ ಬಂದಿದೆಯಾ ಅಂತ ಈ ಸಾಲಿನಲ್ಲಿ ನೋಡುತ್ತೇನೆ. ಈ ಪೈಪ್ ಕಂಪನಿಯ ಡಿಪಾಸಿಟ್ಟು ಸಣ್ಣದು, ಬಡ್ಡಿ ಅದಕ್ಕೆ ಸರಿಯಾಗಿಯೇ ಇತ್ತು.

ಮೂರನೇ ಭಾಗ ಫೈನಾನ್ಸಿಂಗ್. ಹೊಸ ಸಾಲ 60, ಕಟ್ಟಿದ ಬಡ್ಡಿ (15), ಲೀಸ್ ಬಾಡಿಗೆಯ ಅಸಲು (6), ಶೇರುದಾರರಿಗೆ ಡಿವಿಡೆಂಡ್ (12). ಒಟ್ಟು 27. ವ್ಯಾಪಾರದಿಂದ 5 ಬಂತು, 30 ಎರಡನೇ ಭಾಗದಲ್ಲಿ ಹೋಯಿತು, 27 ಇಲ್ಲಿಂದ ಬಂತು. ಶಿಲ್ಕು 9 ಇದ್ದದ್ದು 11 ಆಯಿತು. ಸಾವ್ಕಾರ್ರು ತಾವೇ ಕೂಡಿ ಕಳೆದು, "ಹಂಗಾದ್ರೆ ಡಿವಿಡೆಂಡ್ ಕೊಟ್ಟಿದ್ದು ಬ್ಯಾಂಕ್ ಸಾಲದಾಗೆ" ಅಂದರು. ಹೌದು. ಸಾಲ ಬರದಿದ್ದರೆ ಅದಕ್ಕೆ ರೊಕ್ಕವೇ ಇರಲಿಲ್ಲ.

ಇಲ್ಲಿ ನಾನು ಒಂದು ಕೆಲಸ ಜಾಸ್ತಿ ಮಾಡುತ್ತೇನೆ. ಬಡ್ಡಿಯನ್ನು ಈ ಕಂಪನಿಗಳು ಮೂರನೇ ಭಾಗದಲ್ಲಿ ಬರೆಯುತ್ತವೆ, 2019ರ ಏಪ್ರಿಲ್‌ನಿಂದ ಗೋಡೌನು, ಆಫೀಸುಗಳ ಬಹುಪಾಲು ಬಾಡಿಗೆಯೂ ಲೀಸ್ ಅಂತ ಅಲ್ಲಿಗೇ ಹೋಗಿದೆ. ಹಾಗಾಗಿ ಮೊದಲ ಭಾಗದ ಅಂಕಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಬಡ್ಡಿ, ಬಾಡಿಗೆ ಕೊಡದೆ ಅಂಗಡಿ ನಡೆಯುತ್ತದಾ? ಆ 5ರಿಂದ ಬಡ್ಡಿ 15, ಲೀಸ್ 6 ಕಳೆದೆ. ಉಳಿದದ್ದು (16). 75 ಕೋಟಿ ನಿವ್ವಳ ಲಾಭ ತೋರಿಸಿದ ವರ್ಷದಲ್ಲಿ ವ್ಯಾಪಾರದಿಂದ 16 ಕೋಟಿ ಕೈಬಿಟ್ಟು ಹೋಗಿದೆ.

ಒಂದೇ ವರ್ಷ ನೋಡಿ ತೀರ್ಮಾನ ಮಾಡಬಾರದು ಅಂತ ಹಳೆಯ ವರದಿಗಳನ್ನೂ ಇಳಿಸಿಕೊಂಡೆ. ಒಂದೊಂದು ವರದಿಯಲ್ಲಿ ಎರಡು ವರ್ಷದ ಅಂಕಿ ಇರುತ್ತದೆ, ಹಾಗಾಗಿ ಐದು ವರ್ಷಕ್ಕೆ ಮೂರು ವರದಿ ಸಾಕು. ಐದು ವರ್ಷದ ನಿವ್ವಳ ಲಾಭ ಕೂಡಿದರೆ 290, ಮೊದಲ ಭಾಗದ ರೊಕ್ಕ ಕೂಡಿದರೆ 118. ನೂರು ರೂಪಾಯಿ ಲಾಭಕ್ಕೆ 41 ರೂಪಾಯಿ ಕೈಗೆ ಬಂದಿದೆ. ಸವಕಳಿಯನ್ನು ವಾಪಸ್ ಕೂಡಿದ ಮೇಲೂ ಇಷ್ಟೇ. ಇಂಥ ಕಾರ್ಖಾನೆಗೆ ಐದು ವರ್ಷದ ಲೆಕ್ಕದಲ್ಲಿ ಈ ಅಂಕಿ ನೂರರ ಹತ್ತಿರ ಇಲ್ಲದಿದ್ದರೆ ನಾನು ಮುಂದೆ ಹೋಗುವುದಿಲ್ಲ.

ಇದೇ ಉತ್ಸಾಹದಲ್ಲಿ ಸಾವ್ಕಾರ್ರು ಒಂದು ಬ್ಯಾಂಕಿನ ವರದಿ ತೆಗೆದರು. ಅದಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಸಾಲ ಕೊಡುವುದೇ ಅವರ ವ್ಯಾಪಾರ, ಕೊಟ್ಟ ಸಾಲ ಮೊದಲ ಭಾಗದಲ್ಲೇ ಕಂಸದೊಳಗೆ ಬರುತ್ತದೆ. ಚೆನ್ನಾಗಿ ಬೆಳೆಯುವ ಫೈನಾನ್ಸ್ ಕಂಪನಿಯ ಮೊದಲ ಭಾಗ ವರ್ಷಗಟ್ಟಲೆ ಕಂಸದಲ್ಲೇ ಇರಬಹುದು.

ಪೈಪ್ ಕಂಪನಿಯ ಶೇರನ್ನು ಅವರು ತಗೊಂಡಿಲ್ಲ, ಬಿಟ್ಟೂ ಇಲ್ಲ. ಸೆಪ್ಟೆಂಬರ್‌ವರೆಗಿನ ಫಲಿತಾಂಶದ ಜೊತೆ ಅರ್ಧ ವರ್ಷದ ಕ್ಯಾಶ್ ಫ್ಲೋ ಕೂಡ ಕೊಡಬೇಕು, ಅದು ನವೆಂಬರ್ 14ರೊಳಗೆ ಬರುತ್ತದೆ. ಮಳೆಗಾಲದಲ್ಲಿ ಪೈಪಿನ ವ್ಯಾಪಾರ ಕಡಿಮೆ, ಮಾರ್ಚ್‌ನ ಉದ್ರಿ ಅಷ್ಟೊತ್ತಿಗೆ ವಸೂಲಾಗಿರಬೇಕು. ಆಗ ಉದ್ರಿಯ ಸಾಲಿನಲ್ಲಿ ಕಂಸ ಇಲ್ಲದ ದೊಡ್ಡ ಅಂಕಿ ಇದ್ದರೆ ರೊಕ್ಕ ಬಂದಿದೆ. ಆಗಲೂ ಕಂಸವೇ ಇದ್ದರೆ ಮಾಲು ನಮ್ಮ ಸಾವ್ಕಾರ್ರಂಥವರ ಗೋಡೌನಿನಲ್ಲಿ ಇನ್ನೂ ಬಿದ್ದಿದೆ ಅಂತ ಅರ್ಥ. ಒಂದು ವೇಳೆ ಉದ್ರಿ ಇಳಿದು ಕಂಪನಿಯ ದಾಸ್ತಾನು ಏರಿದ್ದರೆ, ಡೀಲರುಗಳು ಮಾಲು ವಾಪಸ್ ಕಳಿಸಿದ್ದಾರಾ ಅಂತ ವಿಚಾರಿಸಬೇಕು. ಅದನ್ನು ಪಕ್ಕದೂರಿನ ನಾಲ್ಕು ಅಂಗಡಿಗೆ ಫೋನ್ ಮಾಡಿ ನಾನೇ ಕೇಳುತ್ತೇನೆ ಅಂದಿದ್ದಾರೆ ಸಾವ್ಕಾರ್ರು.