ಪರದೆಯ ಹಸಿರು, ಕಾಫಿ ಪೌಚಿಗೆ ಇಳಿಯುವ ಮುಂಚೆ

ಚಿಕ್ಕಮಗಳೂರು ಜಿಲ್ಲೆಯಲ್ಲಿ ಈಗ ಸಣ್ಣ ತೋಟದವರೂ ಸ್ವಂತ ಹೆಸರಿನಲ್ಲಿ ಕಾಫಿ ಪುಡಿ ಮಾರುತ್ತಿದ್ದಾರೆ. ಪೌಚಿನ ಚಿತ್ರಕ್ಕೆ ಎಐ ಟೂಲ್ ಬಳಸುವವರೂ ಜಾಸ್ತಿ. ಮೊಬೈಲಿನಲ್ಲಿ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಪ್ರಿಂಟ್ ಆಗಿ ಬಂದಾಗ ಮಾತ್ರ ಬಣ್ಣ ಬೇರೆ.

ಮೂಡಿಗೆರೆ ಕಡೆಯ ಒಬ್ಬ ಬೆಳೆಗಾರ್ತಿಯ 250 ಗ್ರಾಂ ಪೌಚನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಚಿತ್ರದಲ್ಲಿ ಬೆಳಗಿನ ಜಾವದ ನೀಲಿ ಬೆಟ್ಟ, ಮಿಂಚುವ ಹಸಿರು ಎಲೆ, ಕೆಂಪು ಕಾಫಿ ಹಣ್ಣು. ಕೆಳಗೆ ಅಗಲವಾದ ಕಂದು ಪಟ್ಟಿ, ಅದರ ಮೇಲೆ ಹಸಿರು ಅಕ್ಷರದಲ್ಲಿ ಬ್ರ್ಯಾಂಡ್ ಹೆಸರು. ಬೆಂಗಳೂರಿನಿಂದ ಬಂದ ಮೊದಲ ಪ್ರೂಫಿನಲ್ಲಿ, ಅಂದರೆ ಮಾದರಿ ಪ್ರಿಂಟಿನಲ್ಲಿ, ಹಣ್ಣಿನ ಕೆಂಪು ಸರಿಯಾಗಿತ್ತು. ಎಲೆ ಮಂಕಾಗಿತ್ತು, ಬೆಟ್ಟ ನೇರಳೆಗೆ ತಿರುಗಿತ್ತು, ಕಂದು ಪಟ್ಟಿಯಲ್ಲಿ ಹಸಿರು ಛಾಯೆ ಇತ್ತು. ಪ್ರಿಂಟರ್ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಮೇಡಂ, ಮೆಷಿನ್ ಸರಿಯಾಗೇ ಇದೆ. ನಿಮ್ಮ ಫೈಲಿನ ಹಸಿರು ನಮ್ಮ ಇಂಕಿನಲ್ಲಿ ಬರಲ್ಲ."

ಅವರು ಹೇಳಿದ್ದು ನಿಜ. ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ಕಣ್ಣಿಗೆ ನೇರವಾಗಿ ಬಿಡುತ್ತದೆ. ಇದು ಆರ್‌ಜಿಬಿ. ಪ್ರಿಂಟಿನಲ್ಲಿ ಬಿಳಿ ಮೇಲ್ಮೈಯಿಂದ ವಾಪಸ್ ಬರುವ ಬೆಳಕನ್ನು ಸಯಾನ್, ಮಜೆಂಟಾ, ಹಳದಿ, ಕಪ್ಪು ಇಂಕುಗಳು ಸ್ವಲ್ಪ ಸ್ವಲ್ಪ ನುಂಗುತ್ತವೆ. ಇದು ಸಿಎಂವೈಕೆ. ಇಲ್ಲಿ ಹಸಿರು ಬರಬೇಕಾದರೆ ಸಯಾನ್ ಮೇಲೆ ಹಳದಿ ಕೂರಬೇಕು. ಎರಡು ಇಂಕು ಸೇರಿದಾಗ ಹಸಿರು ಬೆಳಕಿನಲ್ಲೂ ಒಂದು ಪಾಲು ಹೋಗಿಬಿಡುತ್ತದೆ. ಅದಕ್ಕೇ ಪರದೆಯ ಗಾಢ ಹಸಿರು ಮತ್ತು ನೀಲಿಗೆ ಹೆಚ್ಚು ಪೆಟ್ಟು. ಕೆಂಪಿಗೆ ಮಜೆಂಟಾ ಮತ್ತು ಹಳದಿ ಚೆನ್ನಾಗಿ ಹೊಂದುತ್ತವೆ, ಹಾಗಾಗಿ ಹಣ್ಣು ಉಳಿದುಕೊಂಡಿತು.

ಎಐ ಚಿತ್ರಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಅವು ಪರದೆಗೆಂದೇ ತಯಾರಾಗುತ್ತವೆ, ಬಣ್ಣ ತುಂಬಾ ಗಾಢವಾಗಿರುತ್ತದೆ. ಪ್ರಾಂಪ್ಟಿನಲ್ಲಿ ಸಿಎಂವೈಕೆ ಅಂತ ಬರೆದರೂ ಕೈಗೆ ಸಿಗುವುದು ಸಾಮಾನ್ಯವಾಗಿ ಆರ್‌ಜಿಬಿ ಫೈಲೇ. ಆ ಪದದಿಂದ ಚಿತ್ರದ ಶೈಲಿ ಸ್ವಲ್ಪ ಬದಲಾಗಬಹುದು, ಫೈಲ್ ಬದಲಾಗುವುದಿಲ್ಲ.

ಮೊದಲ ಫೋನು ಪ್ರಿಂಟರ್‌ಗೆ

ಯಾವ ಸಾಫ್ಟ್‌ವೇರ್ ತೆರೆಯುವ ಮುಂಚೆಯೂ ಪ್ರಿಂಟರ್ ಹತ್ತಿರ ಮಾತಾಡಿ. ಯಾವ ಮೆಷಿನ್, ಯಾವುದರ ಮೇಲೆ ಪ್ರಿಂಟ್, ಗ್ಲಾಸಿ ಫಿನಿಶ್ಶೋ ಮ್ಯಾಟೋ, ಎಷ್ಟು ಬಣ್ಣ ಎಂದು ಕೇಳಿಕೊಳ್ಳಿ. ಕಾರ್ಟನ್ ಅಥವಾ ಲೇಬಲ್ ಆದರೆ ಹೆಚ್ಚಾಗಿ ಆಫ್‌ಸೆಟ್. ದೊಡ್ಡ ಪ್ರಮಾಣದ ಪೌಚ್ ಆದರೆ ಗ್ರಾವ್ಯೂರ್, ಸಣ್ಣ ಆರ್ಡರ್ ಆದರೆ ಡಿಜಿಟಲ್.

ಗ್ರಾವ್ಯೂರ್‌ನಲ್ಲಿ ಪ್ರತಿ ಬಣ್ಣಕ್ಕೂ ಒಂದು ಸಿಲಿಂಡರ್ ಕೆತ್ತಬೇಕು. ಕೆತ್ತಿದ ಮೇಲೆ ಬಣ್ಣ ತಿದ್ದಬೇಕೆಂದರೆ ಹೊಸ ಸಿಲಿಂಡರ್, ಹೊಸ ಖರ್ಚು. ಪೌಚಿನ ಪ್ರಿಂಟ್ ಸಾಮಾನ್ಯವಾಗಿ ಪಾರದರ್ಶಕ ಫಿಲ್ಮಿನ ಒಳಬದಿಗೆ ಬೀಳುತ್ತದೆ. ಬಣ್ಣಗಳೆಲ್ಲ ಬಿದ್ದ ಮೇಲೆ ಕೊನೆಗೆ ಬಿಳಿ ಇಂಕು. ಅದರ ಹಿಂದೆ ಬೆಳ್ಳಿಯಂತೆ ಹೊಳೆಯುವ ಪದರ ಅಂಟಿಸುತ್ತಾರೆ. ಬಿಳಿ ತೆಳುವಾಗಿದ್ದರೆ ಹಿಂದಿನ ಬೆಳ್ಳಿ ಇಣುಕಿ ಎಲ್ಲ ಬಣ್ಣವೂ ಕಪ್ಪಡರುತ್ತದೆ. ನಿಮ್ಮ ಫೈಲ್ ಎಷ್ಟೇ ಚೆನ್ನಾಗಿದ್ದರೂ ಈ ಬಿಳಿ ಕೈಕೊಟ್ಟರೆ ಏನೂ ಮಾಡಲಾಗದು.

ಇದರ ಜೊತೆಗೆ ಅವರ ಮೆಷಿನ್ನಿನ ಐಸಿಸಿ ಪ್ರೊಫೈಲ್ ಕೇಳಿ. ಆ ಮೆಷಿನ್, ಆ ಇಂಕು, ಆ ಮೇಲ್ಮೈ ಸೇರಿದಾಗ ಯಾವ ಬಣ್ಣ ಬರುತ್ತದೆ ಎಂಬ ಲೆಕ್ಕ ಅದರಲ್ಲಿರುತ್ತದೆ. ಕೊಡಲಿಲ್ಲ ಅಂದರೆ, ಅದೇ ಮೆಷಿನ್ನಿನಲ್ಲಿ ಅದೇ ಬಗೆಯ ಫಿಲ್ಮಿನ ಮೇಲೆ ಮಾಡಿದ ಹಳೆಯ ಪೌಚ್ ಒಂದನ್ನು ಕೊರಿಯರ್ ಮಾಡಲು ಹೇಳಿ. ಅದರಲ್ಲಿರುವ ಅತಿ ಗಾಢವಾದ ಹಸಿರು, ನೀಲಿ ನೋಡಿ. ನಿಮಗೆ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ.

ಬದಲಾಯಿಸುವ ಮುಂಚೆ ನೋಡಿ

ಸುಮಾರು ಜನ ಮಾಡುವುದೇನೆಂದರೆ ಫೋಟೊಶಾಪಿನಲ್ಲಿ ಚಿತ್ರ ತೆರೆದು `Image > Mode > CMYK Color` ಒತ್ತಿ ಸೇವ್ ಮಾಡುವುದು. ಸೆಟ್ಟಿಂಗ್ ಮುಟ್ಟಿರದಿದ್ದರೆ ಅದು ಸಾಮಾನ್ಯವಾಗಿ `U.S. Web Coated (SWOP) v2` ಪ್ರೊಫೈಲಿಗೆ ಬದಲಾಗುತ್ತದೆ. ಅದು ಅಮೆರಿಕದ ಮ್ಯಾಗಜೀನ್ ಪ್ರಿಂಟಿಂಗ್‌ಗೆ ಮಾಡಿದ್ದು. ನಿಮ್ಮ ಪೌಚಿಗೂ ಅದಕ್ಕೂ ಸಂಬಂಧ ಇಲ್ಲ.

ಅದರ ಬದಲು ಚಿತ್ರ ಆರ್‌ಜಿಬಿಯಲ್ಲೇ ಇರಲಿ. ಮೊದಲು ಅದಕ್ಕೆ ಪ್ರೊಫೈಲ್ ಇದೆಯೇ ನೋಡಿ. ಇಲ್ಲದಿದ್ದರೆ `Edit > Assign Profile` ನಲ್ಲಿ `sRGB IEC61966-2.1` ಕೊಡಿ. ಆಮೇಲೆ `View > Proof Setup > Custom` ಗೆ ಹೋಗಿ ಪ್ರಿಂಟರ್ ಕೊಟ್ಟ ಪ್ರೊಫೈಲ್ ಆರಿಸಿ. ಅವರು ಕೊಡದಿದ್ದರೆ ಕೋಟೆಡ್ ಕಾಗದದ ಆಫ್‌ಸೆಟ್‌ಗೆ `Coated FOGRA39` ಒಂದು ಅಂದಾಜು ಕೊಡುತ್ತದೆ. ಫಿಲ್ಮಿನ ಮೇಲೆ ಅದಕ್ಕಿಂತ ಸ್ವಲ್ಪ ಕಮ್ಮಿಯೇ ಬರುತ್ತದೆ ಎಂದುಕೊಳ್ಳಿ.

ಈಗ `Ctrl+Y` ಒತ್ತಿದರೆ ಪ್ರಿಂಟಿನ ಬಣ್ಣ ಅಂದಾಜಾಗಿ ಕಾಣುತ್ತದೆ. `Shift+Ctrl+Y` ಒತ್ತಿದರೆ ಇಂಕಿನಲ್ಲಿ ಬರದ ಜಾಗವೆಲ್ಲ ಬೂದು ಬಣ್ಣಕ್ಕೆ ತಿರುಗುತ್ತದೆ. ನಮ್ಮ ಪೌಚಿನಲ್ಲಿ ಬಿಸಿಲು ಬಿದ್ದ ಎಲೆಗಳು ಪೂರ್ತಿ ಬೂದು, ಬೆಟ್ಟ ಅರ್ಧ. ಫೋಟೊಶಾಪ್ ಇಲ್ಲದವರಿಗೆ ಉಚಿತವಾಗಿ ಸಿಗುವ ಕ್ರಿಟಾ ಸಾಫ್ಟ್‌ವೇರಿನಲ್ಲೂ ಈ ಎರಡು ಸೌಲಭ್ಯ ಇವೆ.

ಮೊಬೈಲಿನಲ್ಲಿ ಮಾತ್ರ ನೋಡಿ ನಿರ್ಧಾರ ಮಾಡಬೇಡಿ. ಅದರಲ್ಲಿ ಬಣ್ಣ ಹೆಚ್ಚಿಸಿ ತೋರಿಸುವ ಸೆಟ್ಟಿಂಗ್ ಇದ್ದರೆ ಅದು ಫೈಲಿನಲ್ಲಿ ಇರುವುದಕ್ಕಿಂತಲೂ ಗಾಢವಾಗಿ ತೋರಿಸುತ್ತದೆ.

ಎಲೆ, ಬೆಟ್ಟ, ಕಂದು

ಎಲೆಯಲ್ಲಿ ಮಂಕುತನಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಮಿತಿ ದಾಟಿದ ಹತ್ತಾರು ಹಸಿರುಗಳು ಬದಲಾಗುವಾಗ ಒಂದೇ ಹಸಿರಾಗಿ ಬಿಡಬಹುದು. ಆಗ ಎಲೆಯ ನರ, ಮಡಿಕೆ, ಹೊಳಪು ಎಲ್ಲ ಮಾಯ. ಎಲೆ ಇದ್ದಲ್ಲಿ ಹಸಿರು ಮುದ್ದೆ ಉಳಿಯುತ್ತದೆ. ಅದಕ್ಕೆ `Hue/Saturation` ನಲ್ಲಿ ಹಸಿರನ್ನು ಮಾತ್ರ ಹಿಡಿದು ಗಾಢತೆ ಇಳಿಸಿ. ಬೂದು ಪೂರ್ತಿ ಹೋಗಬೇಕೆಂದಿಲ್ಲ, ಚೂರುಚೂರಾದರೆ ಸಾಕು. ಆಮೇಲೆ ಎಲೆಯ ನೆರಳನ್ನು ಸ್ವಲ್ಪ ಕಪ್ಪಾಗಿಸಿ, ಹೊಳಪನ್ನು ಸ್ವಲ್ಪ ಬೆಳ್ಳಗಾಗಿಸಿ. ಇಂಕಿನಲ್ಲಿ ಬಣ್ಣದ ಗಾಢತೆ ಸಿಗದಿದ್ದರೂ ಬೆಳಕು ನೆರಳಿನ ಅಂತರ ಸಿಗುತ್ತದೆ. ಎಲೆ ಜೀವಂತವಾಗಿ ಕಾಣುವುದು ಆ ಅಂತರದಿಂದ.

ಇಷ್ಟಾದ ಮೇಲೆ `Edit > Convert to Profile` ನಲ್ಲಿ ಅದೇ ಪ್ರೊಫೈಲಿಗೆ ಬದಲಾಯಿಸಿ. ಅಲ್ಲಿ `Intent` ಎಂಬ ಆಯ್ಕೆ ಇದೆ. `Perceptual` ಆರಿಸಿದರೆ ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಕುಗ್ಗಿಸಿ ಅವುಗಳ ನಡುವಿನ ವ್ಯತ್ಯಾಸ ಉಳಿಸಲು ನೋಡುತ್ತದೆ. `Relative Colorimetric` ಆದರೆ ಇಂಕಿನಲ್ಲಿ ಬರುವ ಬಣ್ಣಗಳನ್ನು ಹಾಗೇ ಬಿಟ್ಟು, ಬರದವನ್ನು ಮಾತ್ರ ಮಿತಿಯ ಅಂಚಿಗೆ ಎಳೆಯುತ್ತದೆ. ಈ ಚಿತ್ರದಂತೆ ಹಸಿರು ತುಂಬಿದ್ದರೆ ಮೊದಲು `Perceptual` ನೋಡಿ. ಪ್ರಿವ್ಯೂ ಹಾಕಿಕೊಂಡು ಎರಡನ್ನೂ ಹೋಲಿಸುವುದು ಒಳ್ಳೆಯದು.

ಬೆಟ್ಟ ನೇರಳೆಯಾಗಲು ಕಾರಣ ಮಜೆಂಟಾ. ಸಯಾನ್ ಶೇಕಡಾ 90, ಮಜೆಂಟಾ ಶೇಕಡಾ 80 ಹೀಗೆ ಹತ್ತಿರ ಹತ್ತಿರ ಇದ್ದರೆ ನೀಲಿ ನೇರಳೆಯ ಕಡೆ ವಾಲುತ್ತದೆ. `Selective Color` ನಲ್ಲಿ ನೀಲಿ ಆರಿಸಿ ಮಜೆಂಟಾ ಇಳಿಸಿ. ಎರಡರ ನಡುವೆ ಕನಿಷ್ಠ 30 ಅಂತರ ಇರಬೇಕೆಂಬುದು ಪ್ರಿಂಟಿಂಗ್‌ನವರ ಹಳೆಯ ಲೆಕ್ಕ.

ಕಾಫಿ ಮಾರುವವರು ತುಂಬಾ ಗಮನ ಕೊಡಬೇಕಾದದ್ದು ಕಂದಿಗೆ. ಅದು ಪರದೆಗೂ ಇಂಕಿಗೂ ಸುಲಭದ ಬಣ್ಣವೇ. ಆದರೆ ಸಾಫ್ಟ್‌ವೇರ್ ಅದನ್ನು ನಾಲ್ಕೂ ಇಂಕು ಸೇರಿಸಿ ಕಟ್ಟುತ್ತದೆ. ಓಡುವ ಮೆಷಿನ್ನಿನಲ್ಲಿ ಸಯಾನ್ ಸ್ವಲ್ಪ ಏರಿದರೆ ಕಂದು ಹಸಿರಾಗುತ್ತದೆ, ಇಳಿದರೆ ಕೆಂಪಾಗುತ್ತದೆ. ಒಂದೇ ರೋಲಿನ ಮೊದಲ ಪೌಚಿಗೂ ಕೊನೆಯ ಪೌಚಿಗೂ ವ್ಯತ್ಯಾಸ ಬರುವುದು ಹೀಗೆ. ದೊಡ್ಡ ಪಟ್ಟಿಯಾದರೆ ಸಯಾನ್ ತೆಗೆದುಬಿಡಿ. ಮಜೆಂಟಾ 65, ಹಳದಿ 80, ಕಪ್ಪು 70ರ ಸುತ್ತ ಕಟ್ಟಿದ ಕಂದು ಹೆಚ್ಚು ಅಲುಗಾಡುವುದಿಲ್ಲ. ಬಜೆಟ್ ಇದ್ದರೆ ಕಂದಿಗೇ ಒಂದು ಸ್ಪೆಷಲ್ ಇಂಕು ಕಲಸಿಸಿ. ಒಂದು ಸಿಲಿಂಡರ್ ಜಾಸ್ತಿಯಾಗುತ್ತದೆ ನಿಜ. ಪ್ರತಿ ಬ್ಯಾಚಿನಲ್ಲೂ ಅದೇ ಕಂದು ಬರಬೇಕೆಂದರೆ ಅದು ದಂಡವಲ್ಲ.

ಬ್ರ್ಯಾಂಡ್ ಬಣ್ಣ ಚಿತ್ರದ ಒಳಗೆ ಬೇಡ

ಲೋಗೊ, ಹೆಸರು, ಬಣ್ಣದ ಪಟ್ಟಿಗಳನ್ನು ಎಐ ಚಿತ್ರದ ಭಾಗವಾಗಿ ಬಿಡಬೇಡಿ. ಹೊಸದಾಗಿ ಚಿತ್ರ ಮಾಡಿಸಿದಾಗೆಲ್ಲ ಆ ಹಸಿರು ಸ್ವಲ್ಪ ಬೇರೆಯಾಗುತ್ತದೆ. ಒಂದೇ ಅಕ್ಷರದಲ್ಲೂ ಹತ್ತು ಹಸಿರು ಇರುತ್ತದೆ. ಚಿತ್ರವನ್ನು ಚಿತ್ರವಾಗಿ ಇಟ್ಟು, ಮಿಕ್ಕಿದ್ದನ್ನು ಇಲಸ್ಟ್ರೇಟರ್ ಅಥವಾ ಕೋರೆಲ್‌ಡ್ರಾದಲ್ಲಿ ಬೇರೆಯಾಗಿ ಕಟ್ಟಿ.

ಈ ಬ್ರ್ಯಾಂಡಿನ ಪರದೆ ಹಸಿರು `#00C853`. ಅದೇ ಹೊಳಪು ನಾಲ್ಕು ಇಂಕಿನಲ್ಲಿ ಸಿಗುವುದಿಲ್ಲ. ಅದನ್ನು ಸಾಫ್ಟ್‌ವೇರಿಗೆ ಬಿಡದೆ ಸಯಾನ್ 80, ಹಳದಿ 90, ಮಜೆಂಟಾ ಸೊನ್ನೆ, ಕಪ್ಪು ಸೊನ್ನೆ ಎಂದು ಕೈಯಾರೆ ಹಾಕಿದರೆ ತಿಳಿಯಾದ ಹಸಿರು ಬರುತ್ತದೆ. ಹಸಿರಿಗೆ ಚೂರು ಮಜೆಂಟಾ ಸೇರಿದರೂ ಅದು ಕೊಳೆಯಾಗುತ್ತದೆ, ಆದ್ದರಿಂದ ಆ ಸೊನ್ನೆ ಮುಖ್ಯ. ಇದಕ್ಕಿಂತ ಹೊಳಪು ಬೇಕೇ ಬೇಕೆಂದರೆ ಪ್ಯಾಂಟೋನ್ ಎಂಬ ಬಣ್ಣದ ಮಾದರಿ ಪುಸ್ತಕದಿಂದ ಒಂದು ಸ್ಪಾಟ್ ಬಣ್ಣ, ಅಂದರೆ ಪ್ರತ್ಯೇಕವಾಗಿ ಕಲಸಿದ ಇಂಕು, ಆರಿಸಬೇಕು. ಅದನ್ನು ಪರದೆಯ ಮೇಲೆ ಆರಿಸಬೇಡಿ, ಪ್ರಿಂಟರ್ ಹತ್ತಿರ ಇರುವ ಪುಸ್ತಕ ಬಿಚ್ಚಿ ನೋಡಿ ಆರಿಸಿ.

ಬಾರ್‌ಕೋಡ್ ಮತ್ತು ಸಣ್ಣ ಅಕ್ಷರಗಳು ಬರೀ ಕಪ್ಪು 100ರಲ್ಲಿ ಇರಲಿ. ಆರ್‌ಜಿಬಿಯ ಕಪ್ಪು ಬದಲಾದರೆ ನಾಲ್ಕು ಇಂಕಾಗುತ್ತದೆ, ಕೂದಲೆಳೆಯಷ್ಟು ಜರುಗಿದರೂ ಅಕ್ಷರ ಮಸುಕು. ಫೈಲನ್ನು ಪಿಡಿಎಫ್ ಮಾಡಿ, ಮೇಲ್ ಅಥವಾ ಡ್ರೈವ್ ಮೂಲಕ ಕಳಿಸಿ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಬೇಡಿ.

ಪ್ರೂಫ್ ಮತ್ತು ಶೇಡ್ ಕಾರ್ಡ್

ಸಿಲಿಂಡರ್ ಕೆತ್ತುವ ಮುಂಚೆ ಕಾಗದದ ಮೇಲೆ ಪ್ರೂಫ್ ಕೇಳಿ. ಕೆತ್ತಿದ ಮೇಲೆ ಅದೇ ಫಿಲ್ಮಿನ ಮೇಲೆ, ಬಿಳಿ ಮತ್ತು ಲ್ಯಾಮಿನೇಶನ್ ಸೇರಿಸಿ ಪ್ರೂಫ್ ಕೇಳಿ. ಮ್ಯಾಟ್ ಆದರೆ ಗಾಢ ಬಣ್ಣ ಸ್ವಲ್ಪ ಬೆಳ್ಳಗೆ ಕಾಣುತ್ತದೆ. ಆದ್ದರಿಂದ ಲ್ಯಾಮಿನೇಶನ್ ಇಲ್ಲದ ಪ್ರೂಫಿಗೆ ಸಹಿ ಹಾಕಬೇಡಿ.

ಪ್ರೂಫನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿ ಒಪ್ಪಬೇಡಿ. ಹಗಲು ಹೊತ್ತಿನಲ್ಲಿ ಜಗುಲಿಯ ನೆರಳಿಗೆ ತನ್ನಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಮೋಡದ ಬೆಳಕು ನೀಲಿ ಕಡೆ ವಾಲಿರುತ್ತದೆ, ಆಗ ಕಂದು ಸಪ್ಪೆಯಾಗಿ ಕಾಣುತ್ತದೆ. ಮೋಡ ಸರಿಯುವ ತನಕ ಕಾಯಿರಿ, ಇಲ್ಲವೇ ಪ್ರಿಂಟರ್ ಹತ್ತಿರ ಬಣ್ಣ ನೋಡಲೆಂದೇ ಮಾಡಿದ ಲೈಟ್ ಬೂತ್ ಇದ್ದರೆ ಅಲ್ಲೇ ನೋಡಿ.

ಎಲ್ಲ ಸರಿಯಾದ ಮೇಲೆ ಶೇಡ್ ಕಾರ್ಡ್ ಮಾಡಿಸಿ. ಅದರಲ್ಲಿ ಮೂರು ತುಂಡು ಇರುತ್ತವೆ: ಒಪ್ಪಿದ ಬಣ್ಣ, ಅದಕ್ಕಿಂತ ತಿಳಿಯಾಗಿ ಎಲ್ಲಿಯವರೆಗೆ ಹೋಗಬಹುದು, ಗಾಢವಾಗಿ ಎಲ್ಲಿಯವರೆಗೆ. ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಬಿಸಿಲಿಗೆ ಬಣ್ಣ ಮಾಸುವುದರಿಂದ ಲಕೋಟೆಯಲ್ಲಿಟ್ಟು ಬೀರುವಿನಲ್ಲಿ ಇಡಿ. ಮುಂದಿನ ಬ್ಯಾಚು ಬಂದಾಗ ರೋಲಿನ ಆರಂಭ, ನಡು, ಕೊನೆಯಿಂದ ಒಂದೊಂದು ಪೌಚ್ ತೆಗೆದು ಇದರ ಪಕ್ಕ ಹಿಡಿದು ನೋಡಿ. ತಿಳಿ ಮತ್ತು ಗಾಢ ತುಂಡುಗಳ ನಡುವೆ ಇಲ್ಲದಿದ್ದರೆ ವಾಪಸ್ ಮಾಡಲು ನಿಮ್ಮ ಕೈಯಲ್ಲಿ ಆಧಾರ ಇದೆ.

ಆನ್‌ಲೈನ್ ಅಂಗಡಿಗೆ ಹಾಕುವ ಪೌಚಿನ ಚಿತ್ರಕ್ಕೆ ಎಐ ಕೊಟ್ಟ ಮೂಲ ಫೈಲ್ ಬಳಸಬೇಡಿ. ಪ್ರಿಂಟಿಗೆಂದು ತಿದ್ದಿದ ಸಿಎಂವೈಕೆ ಫೈಲಿನ ಪ್ರತಿಯನ್ನೇ ಮತ್ತೆ `sRGB IEC61966-2.1` ಗೆ ಬದಲಾಯಿಸಿ ಹಾಕಿ. ಆಗ ಗಿರಾಕಿ ಫೋನಿನಲ್ಲಿ ನೋಡಿದ ಹಸಿರು, ಕೊರಿಯರ್ ಬಿಚ್ಚಿದಾಗ ಸಿಗುವ ಹಸಿರಿಗೆ ಹತ್ತಿರ ಇರುತ್ತದೆ.