ರೇಟ್ ಕಾರ್ಡ್ ನೋಡುವ ಮೊದಲು ಒಂದು ಸಾಲನ್ನು ಬೆರಳಲ್ಲಿ ಮುಚ್ಚಿ

ಕಳೆದ ವರ್ಷ ಚಿಕ್ಕಪ್ಪನ ಮಗಳ ಮದುವೆಗೆ ಫೋಟೊದವರನ್ನು ಗೊತ್ತು ಮಾಡಲು ಹೋಗಿದ್ದೆವು. ಸ್ಟುಡಿಯೊದವರು ಲ್ಯಾಮಿನೇಷನ್ ಮಾಡಿಸಿದ ಒಂದು ಹಾಳೆ ಮುಂದಿಟ್ಟರು. ಅದರಲ್ಲಿ ಹೀಗಿತ್ತು:

ಪ್ಲಾಟಿನಂ – ಫೋಟೊ, ವಿಡಿಯೊ, ಡ್ರೋನ್, ಎರಡು ಆಲ್ಬಂ: ₹1,50,000
ಗೋಲ್ಡ್ – ಫೋಟೊ, ವಿಡಿಯೊ, ಒಂದು ಆಲ್ಬಂ: ₹65,000
ಗೋಲ್ಡ್ ಲೈಟ್ – ಫೋಟೊ, ವಿಡಿಯೊ, ಆಲ್ಬಂ ಇಲ್ಲ: ₹62,000
ಸಿಲ್ವರ್ – ಫೋಟೊ, ಒಂದು ಆಲ್ಬಂ: ₹40,000

ಹತ್ತೇ ನಿಮಿಷದಲ್ಲಿ ಚಿಕ್ಕಪ್ಪ, “ಗೋಲ್ಡೇ ಇರಲಿ ಬಿಡಪ್ಪ” ಎಂದರು. ಮನೆಯಿಂದ ಹೊರಡುವಾಗ 45 ಸಾವಿರ ದಾಟಬಾರದು ಅಂತ ಅವರೇ ಹೇಳಿದ್ದರು! ಹಾಗಾದರೆ ಮೇಲಿನ 20 ಸಾವಿರ ಎಲ್ಲಿಂದ ಬಂತು? ಹಾಳೆಯನ್ನು ಸಾಲು ಸಾಲಾಗಿ ಬಿಚ್ಚಿ ನೋಡೋಣ.

ಮೊದಲು ಮೇಲಿನ ಸಾಲನ್ನು ಮುಚ್ಚಿ. ಒಂದೂವರೆ ಲಕ್ಷ ಮೊದಲು ಕಣ್ಣಿಗೆ ಬಿದ್ದರೆ, ಆಮೇಲೆ ಬರುವ ಬೆಲೆಗಳನ್ನೆಲ್ಲ ಮನಸ್ಸು ಅದರ ಪಕ್ಕದಲ್ಲಿಟ್ಟೇ ಅಳೆಯುತ್ತದೆ. ಆಗ 65 ಸಾವಿರ ‘ಅರ್ಧಕ್ಕಿಂತ ಕಡಿಮೆ’ ಅನಿಸುತ್ತದೆ. ಇದಕ್ಕೆ ಆ್ಯಂಕರಿಂಗ್ ಎನ್ನುತ್ತಾರೆ, ಅಂದರೆ ಲಂಗರು. ಪ್ಲಾಟಿನಂ ಯಾರೂ ಕೊಳ್ಳದಿದ್ದರೂ ಅಂಗಡಿಗೆ ನಷ್ಟವಿಲ್ಲ. ಅದರ ಕೆಲಸ ಹಾಳೆಯ ಮೇಲೆ ಇರುವುದಷ್ಟೇ.

ಮೇಲಿನ ಸಾಲು ಇನ್ನೂ ಒಂದು ಕೆಲಸ ಮಾಡುತ್ತದೆ. ಗೋಲ್ಡ್ ಅನ್ನು ‘ನಡುವಿನದು’ ಮಾಡುತ್ತದೆ. ಇಟಮಾರ್ ಸೈಮನ್‌ಸನ್ ಮತ್ತು ಅಮೋಸ್ ಟ್ವೆರ್ಸ್ಕಿ 1992ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಕ್ಯಾಮೆರಾ ಮೇಲೇ ಇದೆ. ಸುಮಾರು 170 ಡಾಲರ್‌ನ ಮತ್ತು 240 ಡಾಲರ್‌ನ ಎರಡು ಮಿನೋಲ್ಟಾ ಕ್ಯಾಮೆರಾ ತೋರಿಸಿದಾಗ ಜನ ಅರ್ಧರ್ಧ ಹಂಚಿಹೋದರು. ಇನ್ನೊಂದು ಗುಂಪಿಗೆ ಇವೆರಡರ ಜೊತೆ ಸುಮಾರು 470 ಡಾಲರ್‌ನ ಮೂರನೆಯದನ್ನೂ ತೋರಿಸಿದರು. ಈಗ 240ರ ಕ್ಯಾಮೆರಾ ಆರಿಸಿದವರು 57%. ಅಗ್ಗದ್ದಕ್ಕೆ ಉಳಿದದ್ದು 22%. ಆ ಎರಡು ಕ್ಯಾಮೆರಾಗಳಲ್ಲಿ ಏನೂ ಬದಲಾಗಿರಲಿಲ್ಲ. ತೀರಾ ಅಗ್ಗದ್ದು ಬೇಡ, ತೀರಾ ದುಬಾರಿಯೂ ಬೇಡ ಅಂತ ನಾವು ನಡುವಿಗೆ ಸರಿಯುತ್ತೇವೆ, ಅಲ್ವಾ? ಮದುವೆ ಮನೆಯಲ್ಲಂತೂ ‘ಎಲ್ಲಕ್ಕಿಂತ ಕಡಿಮೆಯದು ತಗೊಂಡ್ರಂತೆ’ ಅನ್ನುವ ಮಾತಿನ ಭಯ ಬೇರೆ.

ಆಮೇಲೆ ಪೆದ್ದು ಸಾಲನ್ನು ಹುಡುಕಿ. ‘ಇದನ್ನು ಯಾರು ತಗೋತಾರೆ?’ ಅನಿಸುವ ಸಾಲು ಅದು. ಇಲ್ಲಿ ಗೋಲ್ಡ್ ಲೈಟ್. ಮೂರೇ ಸಾವಿರ ಉಳಿಸಲು ಆಲ್ಬಂ ಬಿಡುವವರು ಯಾರಿದ್ದಾರೆ? ಇದೇ ಡಿಕಾಯ್, ಬೇಟೆಗಾರರು ಇಡುವ ಹುಸಿ ಹಕ್ಕಿಯ ಹಾಗೆ. ಗೋಲ್ಡನ್ನು ಸಿಲ್ವರ್ ಜೊತೆ ಹೋಲಿಸುವುದು ಕಷ್ಟ. ವಿಡಿಯೊ ಬೇಕಾ, ಅದಕ್ಕೆ 25 ಸಾವಿರ ಕೊಡಬಹುದಾ ಎಂದು ಕೂತು ಯೋಚಿಸಬೇಕು. ಗೋಲ್ಡ್ ಲೈಟ್ ಜೊತೆ ಹೋಲಿಸುವುದು ತುಂಬಾ ಸುಲಭ, ಗೋಲ್ಡ್ ಗೆದ್ದೇ ಗೆಲ್ಲುತ್ತದೆ. ಮನಸ್ಸು ಸುಲಭದ ಲೆಕ್ಕವನ್ನು ಮಾಡಿ ಮುಗಿಸಿ, ಕಷ್ಟದ್ದನ್ನು ಕೇಳದೇ ಎದ್ದುಬಿಡುತ್ತದೆ.

ಮೂರನೆಯದು, ಬಿಡಿ ಬೆಲೆ ಕೇಳುವುದು. ಪೆದ್ದು ಸಾಲನ್ನು ಬೇಕಂತಲೇ ಇಟ್ಟಿದ್ದಾರಾ ಅಂತ ತಿಳಿಯಲು ಇದೇ ದಾರಿ. ನಾನು, “ಆಲ್ಬಂ ಮಾತ್ರ ಬೇಕಾದರೆ ಎಷ್ಟು ಸಾರ್?” ಅಂದೆ. “ಹನ್ನೆರಡು ಸಾವಿರ” ಅಂದರು. ಹಾಗಾದರೆ ಆಲ್ಬಂ ಇಲ್ಲದ ಪ್ಯಾಕೇಜ್ 53 ಸಾವಿರ ಇರಬೇಕಿತ್ತು. 62 ಸಾವಿರ ಎಂದು ಬರೆದಿರುವುದು ಮಾರಲಿಕ್ಕಲ್ಲ, ಪಕ್ಕದ ಸಾಲು ಚೆನ್ನಾಗಿ ಕಾಣಲಿಕ್ಕೆ.

ಈಗ ಉಳಿದ ಎರಡು ಸಾಲುಗಳ ನಡುವಿನ ವ್ಯತ್ಯಾಸ ನೋಡಿ. ಒಟ್ಟು ಮೊತ್ತ ಮರೆತುಬಿಡಿ. ಪ್ರಶ್ನೆ ಇಷ್ಟೇ: ಬರೀ ವಿಡಿಯೊಗೆ 25 ಸಾವಿರ ಕೊಡುತ್ತೀರಾ? ಕೊಡುತ್ತೇವೆ ಅಂದರೆ ಗೋಲ್ಡ್ ತಗೊಳ್ಳಿ, ಅದರಲ್ಲಿ ಮೋಸವೇನಿಲ್ಲ. ನಡುವಿನ ಪ್ಲಾನ್ ಎಂದರೆ ಕೆಟ್ಟದ್ದೇ ಅಂತಲ್ಲ.

ಈ ತಂತ್ರ ಎಲ್ಲ ಕಡೆ ನಡೆಯುವುದೂ ಇಲ್ಲ. ಅಂಕಿಗಳನ್ನು ಸಾಲಾಗಿ ಜೋಡಿಸಿದ ಪಟ್ಟಿಯಲ್ಲಿ ಡಿಕಾಯ್ ಚೆನ್ನಾಗಿ ಕೆಲಸ ಮಾಡುತ್ತದೆ. ವಸ್ತುವನ್ನೇ ಕಣ್ಣಾರೆ ನೋಡಿ, ರುಚಿ ನೋಡಿ ಆರಿಸುವಾಗ ಅದರ ಬಲ ತಗ್ಗುತ್ತದೆ ಅಥವಾ ಕಾಣಿಸುವುದೇ ಇಲ್ಲ ಎಂದು 2014ರ ಪ್ರಯೋಗಗಳು ತೋರಿಸಿವೆ. ಅದಕ್ಕೇ ಹಾಳೆ ಪಕ್ಕಕ್ಕಿಟ್ಟು, ಅವರು ತೆಗೆದ ಹಳೆಯ ವಿಡಿಯೊ ಒಂದನ್ನು ಹಾಕಿಸಿ ನೋಡಿದೆವು. ಎರಡೂವರೆ ಗಂಟೆಯದು. ಹತ್ತು ನಿಮಿಷಕ್ಕೇ ಚಿಕ್ಕಮ್ಮ ಆಕಳಿಸಿದರು.

“ನಮಗೆ ಧಾರೆ, ಮಾಂಗಲ್ಯಧಾರಣೆ ಎರಡರ ವಿಡಿಯೊ ಸಾಕು” ಎಂದರು ಚಿಕ್ಕಪ್ಪ. ಸ್ಟುಡಿಯೊದವರು ಸ್ವಲ್ಪ ಎಳೆದಾಡಿ, ಸಿಲ್ವರ್ ಮೇಲೆ ಏಳು ಸಾವಿರಕ್ಕೆ ಒಪ್ಪಿದರು. ಅಂಥ ಸಾಲು ಹಾಳೆಯಲ್ಲಿ ಇರಲೇ ಇಲ್ಲ.